z-ವಲಯದಲ್ಲಿ ಸ್ಥಿರತೆ

ನಿಯತ ಕಾಲಾಂತರಗಳಲ್ಲಿ ಹೆಜ್ಜೆಹೆಜ್ಜೆಯಾಗಿ ಮುಂದುವರಿಯುವ ರೇಖೀಯ ವ್ಯವಸ್ಥೆಯು ಸ್ಥಿರವಾಗಿರಬೇಕಾದರೆ ಅದರ ಧ್ರುವಗಳೆಲ್ಲ z-ಸಮತಲದ ಏಕಮಾನ ವೃತ್ತದ, ಅಂದರೆ ಮೂಲಬಿಂದುವನ್ನು ಕೇಂದ್ರವಾಗಿ ಹೊಂದಿ 1 ತ್ರಿಜ್ಯವುಳ್ಳ ವೃತ್ತದ, ಒಳಗಿರಬೇಕು. ಧ್ರುವವು p ಆಗಿದ್ದರೆ ಅದರಿಂದುಂಟಾಗುವ ಪ್ರತಿಕ್ರಿಯೆ ಪ್ರತಿ ಹೆಜ್ಜೆಯಲ್ಲೂ p ಯಿಂದ ಗುಣಿತವಾಗುತ್ತದೆ. P ಯ ಪರಿಮಾಣ 1ಕ್ಕಿಂತ ಕಡಿಮೆಯಿದ್ದಾಗ ಮಾತ್ರ ಅದು ಕ್ರಮೇಣ ಅಡಗುತ್ತದೆ.

s ಧ್ರುವವುಳ್ಳ ಅವಿಚ್ಛಿನ್ನ ವ್ಯವಸ್ಥೆಯನ್ನು T ಸೆಕೆಂಡಿಗೊಮ್ಮೆ ಸ್ಯಾಂಪಲ್ ಮಾಡಿದರೆ ಆ ಧ್ರುವವು z = e^(sT) ಎಂಬ ಸ್ಥಾನಕ್ಕೆ ಬರುತ್ತದೆ. s ನ ವಾಸ್ತವ ಭಾಗ ಋಣವಾಗಿದ್ದರೆ, T ಎಷ್ಟೇ ಇರಲಿ, z ವೃತ್ತದೊಳಗೇ ಬೀಳುತ್ತದೆ. ಉದಾಹರಣೆಗೆ s = −10, T = 0.25 ಆದಾಗ z ಸುಮಾರು 0.08. ಹಿಮ್ಮಾಹಿತಿಯಿಲ್ಲದ ವ್ಯವಸ್ಥೆಯ ಸ್ಥಿರತೆ ಸ್ಯಾಂಪ್ಲಿಂಗ್ ಒಂದರಿಂದಲೇ ಕೆಡುವುದಿಲ್ಲ.

ಆದರೆ ಲೆಕ್ಕದ ಸೌಕರ್ಯಕ್ಕಾಗಿ ಆಯ್ಲರನ ಮುನ್ನಡೆ ವಿಧಾನವನ್ನು ಬಳಸಿದರೆ ಧ್ರುವವು z = 1 + sT ಆಗುತ್ತದೆ. ಮೇಲಿನ ಉದಾಹರಣೆಯಲ್ಲಿ ಇದು −1.5; ವೃತ್ತದ ಹೊರಗೆ! 1ರಿಂದ ಆರಂಭವಾದ ಉತ್ತರ −1.5, 2.25, −3.375 ಎಂದು ಚಿಹ್ನೆ ಬದಲಿಸುತ್ತ ಬೆಳೆಯುತ್ತದೆ. ಮೂಲ ವ್ಯವಸ್ಥೆ ಆಂದೋಲನವಿಲ್ಲದೆ ಶಮನಗೊಳ್ಳುವಂಥದಾದ್ದರಿಂದ ದೋಷವು ಗಣನೆಯದೆಂದು ಇದರಿಂದಲೇ ತಿಳಿಯುತ್ತದೆ. ಇಲ್ಲಿ T 0.2ಕ್ಕಿಂತ ಕಡಿಮೆಯಿದ್ದರೆ ಉತ್ತರ ಶಮನಗೊಳ್ಳುತ್ತದೆ, 0.1ನ್ನು ಮೀರದಿದ್ದರೆ ಚಿಹ್ನೆಯ ಏರಿಳಿತವೂ ಇರುವುದಿಲ್ಲ.