ಮುಟ್ಟಿನ ಚಕ್ರದ ಅವಧಿ

ಸ್ರಾವದ ಮೊದಲ ದಿನದಿಂದ ಮುಂದಿನ ಸ್ರಾವದ ಹಿಂದಿನ ದಿನದವರೆಗಿನ ಕಾಲವೇ ಒಂದು ಮುಟ್ಟಿನ ಚಕ್ರ. 21 ದಿನಕ್ಕಿಂತ ಚಿಕ್ಕ ಚಕ್ರವನ್ನು ಪಾಲಿಮೆನೋರಿಯಾ, 35ಕ್ಕಿಂತ ದೀರ್ಘವಾದುದನ್ನು ಆಲಿಗೊಮೆನೋರಿಯಾ ಎನ್ನುವುದು ಹಳೆಯ ರೂಢಿ. ಈ ಹೆಸರುಗಳು ಅಂತರವನ್ನಷ್ಟೇ ಸೂಚಿಸುತ್ತವೆ, ಕಾರಣವನ್ನಲ್ಲ. ವೈದ್ಯರ ಚೀಟಿಯಲ್ಲಿ ಇವು ಕಂಡರೆ ರೋಗವೆಂದೇ ಹೆದರಬೇಕಿಲ್ಲ. ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟವಾದ ಫಿಗೊ ಇವುಗಳನ್ನು ಕೈಬಿಟ್ಟು, 2018ರ ಪರಿಷ್ಕರಣೆಯಲ್ಲಿ 18ರಿಂದ 45 ವಯಸ್ಸಿನವರಿಗೆ 24ರಿಂದ 38 ದಿನಗಳನ್ನು ಸಹಜವೆಂದಿತು. ಮಾರ್ಚ್ 1ರ ನಂತರ ಏಪ್ರಿಲ್ 7ಕ್ಕೆ ಮುಟ್ಟಾದರೆ ಚಕ್ರ 37 ದಿನ: ಹಳೆಯ ಲೆಕ್ಕದಲ್ಲಿ ದೋಷ, ಹೊಸದರಲ್ಲಿ ಸಹಜ.

ಇದರಿಂದ ಪಿಸಿಓಎಸ್ ಕಣ್ತಪ್ಪದೇ ಎಂಬ ಆಕ್ಷೇಪ ನ್ಯಾಯವಾದುದೇ. ಅದರ ಪತ್ತೆಗೆ ಇಂದಿಗೂ 35 ದಿನದ ಗಡಿಯೇ ಬಳಕೆಯಲ್ಲಿದೆ. ಆದರೆ ಅಂತರವೊಂದರಿಂದಲೇ ಆ ನಿರ್ಣಯವಾಗದು. 37 ದಿನದ ಚಕ್ರದ ಜೊತೆಗೆ ಮುಖದ ಮೇಲೆ ದಟ್ಟ ಕೂದಲು ಬೆಳೆಯುತ್ತಿದ್ದರೆ ವೈದ್ಯರನ್ನು ಕಾಣಬೇಕು.