ಆಂಕರ್ಡ್ ವಿವ್ಯಾಪ್ ಎಂದರೇನು? ಫಲಿತಾಂಶದ ದಿನದಿಂದ ಎಳೆದ ಗೆರೆ ಷೇರಿಗೆ ಬೆಂಬಲವಾಗುವುದು ಹೇಗೆ?

ತ್ರೈಮಾಸಿಕ ಫಲಿತಾಂಶ ಚೆನ್ನಾಗಿ ಬಂತು, ಷೇರು ಜಿಗಿಯಿತು. ಕೆಲ ದಿನಗಳ ನಂತರ ಬೆಲೆ ನಿಧಾನವಾಗಿ ಇಳಿಯತೊಡಗಿತು. ಈ ಇಳಿಕೆ ಎಲ್ಲಿ ನಿಲ್ಲಬಹುದು? ಇದನ್ನು ಅಂದಾಜಿಸಲು ಟ್ರೇಡರ್‌ಗಳು ಬಳಸುವ ಸಾಧನಗಳಲ್ಲಿ ಆಂಕರ್ಡ್ ವಿವ್ಯಾಪ್ ಒಂದು. ಅಮೆರಿಕದ ಟ್ರೇಡರ್ ಬ್ರಯಾನ್ ಶಾನನ್ ಇದನ್ನು ಹೆಚ್ಚು ಜನಪ್ರಿಯಗೊಳಿಸಿದವರು.

ಏನಿದು ವಿವ್ಯಾಪ್?

ಷೇರಿನ ಸರಾಸರಿ ಬೆಲೆಯನ್ನು ಲೆಕ್ಕ ಹಾಕುವಾಗ ಯಾವ ಬೆಲೆಗೆ ಎಷ್ಟು ಷೇರು ಕೈಬದಲಾದವು ಎಂಬುದನ್ನೂ ಸೇರಿಸಿಕೊಂಡರೆ ಅದು ವಿವ್ಯಾಪ್. ಸಾಮಾನ್ಯ ವಿವ್ಯಾಪ್ ಪ್ರತಿದಿನ ಬೆಳಗ್ಗೆ 9.15ಕ್ಕೆ ಹೊಸದಾಗಿ ಶುರುವಾಗುತ್ತದೆ. ಆಂಕರ್ಡ್ ವಿವ್ಯಾಪ್ ಹಾಗಲ್ಲ. ನೀವು ಆರಿಸಿದ ದಿನದಿಂದ ಲೆಕ್ಕ ಶುರುವಾಗಿ, ನಿಲ್ಲದೆ ಮುಂದುವರಿಯುತ್ತದೆ. ಆ ಆರಂಭದ ದಿನವೇ ಆಂಕರ್.

ಲೆಕ್ಕ ಹೀಗಿದೆ

ಒಂದು ಕಾಲ್ಪನಿಕ ಷೇರನ್ನು ತೆಗೆದುಕೊಳ್ಳೋಣ. ಫಲಿತಾಂಶದ ನಂತರದ ಮೊದಲ ದಿನ ಗರಿಷ್ಠ 520, ಕನಿಷ್ಠ 500, ಮುಕ್ತಾಯ 516 ರೂಪಾಯಿ. ಮೂರನ್ನೂ ಕೂಡಿಸಿ 3ರಿಂದ ಭಾಗಿಸಿದರೆ 512. ಅಂದು ವಹಿವಾಟಾದ ಷೇರು 40 ಲಕ್ಷ. ಎರಡನೇ ದಿನ ಇದೇ ಸರಾಸರಿ 522, ವಹಿವಾಟು 20 ಲಕ್ಷ. ಮೂರನೇ ದಿನ 526, ವಹಿವಾಟು 10 ಲಕ್ಷ.

ಪ್ರತಿ ದಿನದ ಬೆಲೆಯನ್ನು ಆ ದಿನದ ವಹಿವಾಟಿನಿಂದ ಗುಣಿಸಿ, ಮೂರನ್ನೂ ಕೂಡಿಸಿ, ಒಟ್ಟು 70 ಲಕ್ಷದಿಂದ ಭಾಗಿಸಿದರೆ ಸಿಗುವುದು ಸುಮಾರು 516.86 ರೂಪಾಯಿ. ಬರೀ ಮೂರು ದಿನಗಳ ಸರಾಸರಿ 520. ಮೊದಲ ದಿನವೇ ಹೆಚ್ಚು ಷೇರು ಕೈಬದಲಾದ ಕಾರಣ ಗೆರೆ ಆ ದಿನದ ಬೆಲೆಯತ್ತ ವಾಲಿದೆ.

ಬೆಲೆ 530ರಿಂದ 517ರ ಹತ್ತಿರಕ್ಕೆ ಇಳಿದರೆ, ಫಲಿತಾಂಶದ ನಂತರ ಕೊಂಡವರು ಸರಾಸರಿಯಾಗಿ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ಸ್ಥಿತಿಗೆ ಬರುತ್ತಾರೆ. ಕಂಪನಿಯ ಮೇಲೆ ನಂಬಿಕೆ ಇದ್ದವರು ಅಲ್ಲಿ ಇನ್ನಷ್ಟು ಕೊಳ್ಳಬಹುದು, ಜಿಗಿತ ತಪ್ಪಿಸಿಕೊಂಡವರೂ ಒಳಬರಬಹುದು. ಗೆರೆ ಬೆಂಬಲವಾಗುವುದು ಹೀಗೆ. ದಿನದಿಂದ ದಿನಕ್ಕೆ ಗೆರೆಯೂ ಸರಿಯುವುದರಿಂದ ಇದನ್ನು ಚಲಿಸುವ ಬೆಂಬಲ ಎನ್ನುತ್ತಾರೆ.

ಆಂಕರ್ ಎಲ್ಲಿ ಹಾಕಬೇಕು?

ಹೆಚ್ಚು ಜನ ಎಡವುವುದು ಇಲ್ಲೇ. ಘೋಷಣೆಯ ದಿನಾಂಕ ಮುಖ್ಯವಲ್ಲ, ಮಾರುಕಟ್ಟೆ ಅದಕ್ಕೆ ಪ್ರತಿಕ್ರಿಯಿಸಿದ ದಿನ ಮುಖ್ಯ. 2023ರ ಏಪ್ರಿಲ್ 13ರಂದು ಬೆಂಗಳೂರಿನ ಇನ್ಫೋಸಿಸ್ ಮಾರುಕಟ್ಟೆ ಮುಚ್ಚಿದ ಬಳಿಕ ಫಲಿತಾಂಶ ಪ್ರಕಟಿಸಿತು. 14ರಂದು ಅಂಬೇಡ್ಕರ್ ಜಯಂತಿ ರಜೆ, ನಂತರ ವಾರಾಂತ್ಯ. ಸೋಮವಾರ, ಏಪ್ರಿಲ್ 17ರಂದು ಷೇರು ಶೇ 9ಕ್ಕೂ ಹೆಚ್ಚು ಕುಸಿದು ದಿನ ಮುಗಿಸಿತು. ಇಲ್ಲಿ ಆಂಕರ್ 17ಕ್ಕೆ ಬೀಳಬೇಕು. 13ಕ್ಕೆ ಹಾಕಿದರೆ ಸುದ್ದಿ ತಿಳಿಯದೆ ಕೊಂಡವರ ಬೆಲೆಯೂ ಸೇರಿಬಿಡುತ್ತದೆ. ಹೀಗೆ ಬೆಲೆ ಕುಸಿದು ಗೆರೆಯ ಕೆಳಗೇ ಇದ್ದಾಗ ಅದು ಬೆಂಬಲವಲ್ಲ, ಏರಿಕೆಗೆ ಅಡ್ಡಿಯಾಗಬಹುದಾದ ಪ್ರತಿರೋಧ. ಮಾರುಕಟ್ಟೆ ನಡೆಯುತ್ತಿರುವಾಗಲೇ ಫಲಿತಾಂಶ ಬಂದರೆ 15 ನಿಮಿಷದ ಚಾರ್ಟ್‌ನಲ್ಲಿ ಆ ಕ್ಯಾಂಡಲ್‌ನಿಂದ ಶುರು ಮಾಡುವುದು ಸರಿ.

ದೊಡ್ಡ ಕುಸಿತದ ತಳದಿಂದಲೂ ಗೆರೆ ಎಳೆಯಬಹುದು. ಆದರೆ ಅದು ತಳ ಎಂಬುದು ಬೆಲೆ ಚೇತರಿಸಿಕೊಂಡ ಮೇಲಷ್ಟೇ ಗೊತ್ತಾಗುತ್ತದೆ. ನಾಲ್ಕೈದು ತಳಗಳನ್ನು ಪ್ರಯತ್ನಿಸಿ, ಬೆಲೆಗೆ ತಾಗುವ ಗೆರೆಯನ್ನು ಉಳಿಸಿಕೊಂಡರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಫಲಿತಾಂಶದ ದಿನಕ್ಕೆ ಈ ತೊಂದರೆ ಕಡಿಮೆ, ಏಕೆಂದರೆ ಆ ದಿನಾಂಕವನ್ನು ನಿಗದಿ ಮಾಡುವುದು ಕಂಪನಿ, ನಿಮ್ಮ ಕಣ್ಣಲ್ಲ.

ಬೆಂಬಲ ಮುರಿದದ್ದು ತಿಳಿಯುವುದು ಹೇಗೆ?

ದಿನದ ನಡುವೆ ಬೆಲೆ ಗೆರೆಯ ಕೆಳಗಿಳಿದು ಸಂಜೆಗೆ ಮೇಲೆ ಬಂದರೆ ಬೆಂಬಲ ಉಳಿದಿದೆ ಎನ್ನಬಹುದು. ಭಾರಿ ವಹಿವಾಟಿನೊಂದಿಗೆ ಕೆಳಗೇ ಮುಕ್ತಾಯವಾಗಿ, ಮುಂದಿನ ಏರಿಕೆ ಅದೇ ಗೆರೆಗೆ ತಾಗಿ ಮತ್ತೆ ಬಿದ್ದರೆ ಬೆಂಬಲ ಮುಗಿಯಿತು. ಸರಾಸರಿ ನಷ್ಟದಲ್ಲಿರುವವರು ಅಸಲು ಸಿಕ್ಕರೆ ಸಾಕೆಂದು ಅಲ್ಲಿ ಮಾರುತ್ತಿರುತ್ತಾರೆ.

ಎರಡು ಮಿತಿಗಳು

ದಿನ ಕಳೆದಂತೆ ಗೆರೆ ಮಂದವಾಗುತ್ತದೆ. ಆಂಕರ್‌ನಿಂದ 5 ಕೋಟಿ ಷೇರು ವಹಿವಾಟಾಗಿದ್ದರೆ, ಗೆರೆಗಿಂತ 20 ರೂಪಾಯಿ ಮೇಲೆ 10 ಲಕ್ಷ ಷೇರು ಕೈಬದಲಾದರೂ ಅದು ಸರಿಯುವುದು ಸುಮಾರು 39 ಪೈಸೆ ಮಾತ್ರ. ಹಾಗಾಗಿ ಹೊಸ ಫಲಿತಾಂಶ ಬಂದಾಗ ಹೊಸ ಆಂಕರ್ ಹಾಕುವುದು ರೂಢಿ.

ಎರಡನೆಯದು, ವಹಿವಾಟಿನ ಲೆಕ್ಕದಲ್ಲಿ ಅಂದೇ ಕೊಂಡು ಅಂದೇ ಮಾರಿದವರೂ ಇರುತ್ತಾರೆ. ಹಾಗಾಗಿ ಇದು ಈಗ ಷೇರು ಇಟ್ಟುಕೊಂಡವರ ನಿಖರ ಖರೀದಿ ಬೆಲೆಯಲ್ಲ, ಅಂದಾಜು ಮಾತ್ರ. ಎನ್‌ಎಸ್‌ಇ ಪ್ರತಿದಿನ ಪ್ರಕಟಿಸುವ ಡೆಲಿವರಿ ಪ್ರಮಾಣವನ್ನು ಜೊತೆಗಿಟ್ಟು ನೋಡಿ. ಆಂಕರ್ ದಿನ ಡೆಲಿವರಿ ತೀರಾ ಕಡಿಮೆ ಇದ್ದರೆ, ಆ ಗೆರೆಯನ್ನು ಕಾಯುವವರೂ ಕಡಿಮೆ ಎಂದೇ ಭಾವಿಸುವುದು ಒಳಿತು.

(ಗಮನಿಸಿ: ಇದು ಮಾಹಿತಿಗಾಗಿ ಮಾತ್ರ, ಹೂಡಿಕೆಯ ಸಲಹೆಯಲ್ಲ.)