ಚಿಲ್ಡ್ ವಾಟರ್ ಪೈಪಿನ ಇನ್ಸುಲೇಷನ್ ದಪ್ಪ: ಯಾದಗಿರಿ, ಶಹಾಪುರ, ಸುರಪುರ ಸೀಮೆ

ಕಟ್ಟಡವನ್ನೋ ಯಂತ್ರವನ್ನೋ ತಣ್ಣಗಿಡಲು ಚಿಲ್ಲರ್‌ನಿಂದ ಹೊರಡುವ ನೀರು ಸಾಮಾನ್ಯವಾಗಿ 7 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಕೆಲಸ ಮುಗಿಸಿ 12 ಡಿಗ್ರಿಯಲ್ಲಿ ಮರಳುತ್ತದೆ. ಈ ನೀರು ಹರಿಯುವ ಪೈಪಿನ ಹೊರಮೈ ಮೇಲೆ ಗಾಳಿಯ ತೇವ ನೀರಾಗಿ ಕೂರದಂತೆ ಸುತ್ತುವ ಹೊದಿಕೆ ಎಷ್ಟು ದಪ್ಪವಿರಬೇಕು ಎಂಬುದು ಈ ಲೇಖನದ ವಿಷಯ. ಕೆಲಸಗಾರರ ಮಾತಿನಲ್ಲಿ ಇದು ಪೈಪು ‘ಬೆವರುವ’ ಸಮಸ್ಯೆ. ಯಾದಗಿರಿ ಜಿಲ್ಲೆಯಲ್ಲಿ ಆಪರೇಷನ್ ಥಿಯೇಟರುಗಳಿರುವ ಆಸ್ಪತ್ರೆ, ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಂಥ ಕಡೆಯ ಔಷಧ ಮತ್ತು ರಾಸಾಯನಿಕ ಘಟಕ, ಹಾಲು ಶೀತಲೀಕರಣ ಕೇಂದ್ರ ಇವು ಈ ಪ್ರಶ್ನೆ ಏಳುವ ಜಾಗಗಳು.

ಈ ಸೀಮೆಯಲ್ಲಿ ವಿನ್ಯಾಸಕಾರರ ಕಣ್ಣು ಮೊದಲು ಹೋಗುವುದು ಬೇಸಿಗೆಯ ಕಡೆಗೆ. ಮೇ ತಿಂಗಳ ಬಿಸಿಲು ನೋಡಿದವರಿಗೆ ಅದು ಸಹಜವೇ. ಚಿಲ್ಲರ್ ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕಕ್ಕೆ ಆ ಬಿಸಿಲು ಬೇಕು. ಆದರೆ ಪೈಪು ಬೆವರುವುದನ್ನು ನಿರ್ಧರಿಸುವುದು ಬಿಸಿಲಲ್ಲ, ಇಬ್ಬನಿ ಬಿಂದು. ಅಂದರೆ ಗಾಳಿ ಯಾವ ಉಷ್ಣತೆಗೆ ಇಳಿದರೆ ಅದರಲ್ಲಿನ ತೇವ ನೀರಾಗತೊಡಗುತ್ತದೋ ಆ ಉಷ್ಣತೆ. ಮೇ ಮಧ್ಯಾಹ್ನ 40 ಡಿಗ್ರಿ ಬಿಸಿಲಿದ್ದು ಸಾಪೇಕ್ಷ ಆರ್ದ್ರತೆ ಶೇ 25 ಇದ್ದರೆ ಇಬ್ಬನಿ ಬಿಂದು ಸುಮಾರು 16 ಡಿಗ್ರಿ. ಮಳೆಗಾಲದಲ್ಲಿ ಗಾಳಿ 30 ಡಿಗ್ರಿಯಷ್ಟೇ ಇದ್ದು ಆರ್ದ್ರತೆ ಶೇ 85ಕ್ಕೆ ಏರಿದರೆ ಅದೇ ಬಿಂದು 27 ಡಿಗ್ರಿ ದಾಟುತ್ತದೆ. ಮೊದಲ ಸ್ಥಿತಿಯಲ್ಲಿ ಹೊದಿಕೆಯ ಹೊರಮೈ ಗಾಳಿಗಿಂತ 23 ಡಿಗ್ರಿ ತಣ್ಣಗಿದ್ದರೂ ನೀರು ಕೂರುವುದಿಲ್ಲ. ಎರಡನೆಯದರಲ್ಲಿ ಮೂರು ಡಿಗ್ರಿ ತಣ್ಣಗಾದರೆ ಸಾಕು, ಹನಿ ಮೂಡುತ್ತದೆ.

ಒಣನಾಡೆಂದು ಹೆಸರಾದ ಈ ಭಾಗದಲ್ಲಿ ಅಂಥ ತೇವ ಎಲ್ಲಿಂದ ಎಂದು ಕೇಳಬಹುದು. ಮುಂಗಾರಿನ ಮೋಡ ಕವಿದ ದಿನಗಳು ಒಂದು ಕಾರಣ. ಬಸವಸಾಗರ ಜಲಾಶಯದಿಂದ ಹೊರಡುವ ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಸುರಪುರ, ಶಹಾಪುರದ ಕಡೆ ಭತ್ತದ ಗದ್ದೆಗಳು ನಿಂತಿರುವುದು ಇನ್ನೊಂದು. ನೀರು ನಿಂತ ಗದ್ದೆಯ ಪಕ್ಕದ ಗಾಳಿ ತೊಗರಿ ಹೊಲದ ಗಾಳಿಯಂತಿರುವುದಿಲ್ಲ. ಇವೆರಡಕ್ಕಿಂತ ಹತ್ತಿರದ ಕಾರಣ ಪ್ಲಾಂಟ್ ರೂಮಿನೊಳಗೇ ಇರುತ್ತದೆ: ಪಂಪಿನ ಗ್ಲಾಂಡ್‌ನಿಂದ ಸೋರಿ ನೆಲದ ಮೇಲೆ ನಿಂತ ನೀರು, ಕಿಟಕಿಯ ಲೂವರ್ ಪಕ್ಕದಲ್ಲೇ ಇಟ್ಟ ಕೂಲಿಂಗ್ ಟವರ್. ಟವರ್ ಉಗುಳುವ ಗಾಳಿ ತೇವದಿಂದ ತುಂಬಿರುತ್ತದೆ. ಅದು ಲೂವರ್ ಮೂಲಕ ಒಳಬಂದರೆ ಊರಿನ ಹವಾಮಾನದ ಅಂಕಿಅಂಶ ನೋಡಿ ಮಾಡಿದ ಲೆಕ್ಕ ಯಾವ ಕೆಲಸಕ್ಕೂ ಬಾರದು.

ದಪ್ಪದ ಲೆಕ್ಕ ಒಂದೇ ಸಮೀಕರಣದಲ್ಲಿದೆ. ಕೋಣೆಯ ಗಾಳಿಯಿಂದ ಹೊದಿಕೆಯ ಮೈಗೆ ಬರುವ ಶಾಖವೂ ಆ ಮೈಯಿಂದ ಹೊದಿಕೆಯೊಳಗೆ ಹಾದು ನೀರಿಗೆ ಸೇರುವ ಶಾಖವೂ ಸಮ. ಅದನ್ನು ದುಂಡು ಪೈಪಿಗೆ ಬರೆದರೆ ಹೀಗಾಗುತ್ತದೆ:

```
r2 · ln(r2/r1) = (k/h) · (Ts − Tf) / (Ta − Ts)
```

ಇಲ್ಲಿ r1 ಪೈಪಿನ ಹೊರ ತ್ರಿಜ್ಯ, r2 ಹೊದಿಕೆಯ ಹೊರ ತ್ರಿಜ್ಯ. Tf ನೀರಿನ, Ta ಗಾಳಿಯ, Ts ಹೊದಿಕೆಯ ಹೊರಮೈಯ ಉಷ್ಣತೆ. k ಹೊದಿಕೆ ವಸ್ತುವಿನ ಶಾಖವಾಹಕತೆ, h ಗಾಳಿಯಿಂದ ಮೈಗೆ ಶಾಖ ದಾಟುವ ದರ. Ts ಜಾಗದಲ್ಲಿ ಇಬ್ಬನಿ ಬಿಂದುವನ್ನಿಟ್ಟರೆ ಸಿಗುವುದು ಬೆವರದೇ ಉಳಿಯುವ ಕನಿಷ್ಠ ದಪ್ಪ. r2 ಎರಡು ಕಡೆ ಇರುವುದರಿಂದ ನೇರ ಉತ್ತರ ಬರುವುದಿಲ್ಲ. ಒಂದು ಬೆಲೆ ಊಹಿಸಿ, ಎಡಬದಿ ಬಲಬದಿಗೆ ಸಮವಾಗುವವರೆಗೆ ತಿದ್ದುತ್ತಾ ಹೋಗಬೇಕು.

ಒಂದು ಪೈಪನ್ನೇ ಹಿಡಿಯೋಣ. ನಾಲ್ಕು ಇಂಚಿನ ಪೈಪು, ಹೊರ ವ್ಯಾಸ 114.3 ಮಿ.ಮೀ., ಒಳಗೆ 7 ಡಿಗ್ರಿಯ ನೀರು. ಹೊದಿಕೆ ಕಪ್ಪು ನೈಟ್ರೈಲ್ ರಬ್ಬರ್. ಅದರ k ಸುಮಾರು 0.038, h ಸುಮಾರು 9 (ಎರಡೂ ಎಸ್‌ಐ ಮಾನದಲ್ಲಿ). ಕೋಣೆ 30 ಡಿಗ್ರಿ, ಆರ್ದ್ರತೆ ಶೇ 85, ಇಬ್ಬನಿ ಬಿಂದು 27.2. ಬಲಬದಿ 30.5 ಮಿ.ಮೀ. ಆಗುತ್ತದೆ. r2 82.7 ಮಿ.ಮೀ. ಇದ್ದಾಗ ಎಡಬದಿಯೂ ಅಷ್ಟೇ ಬರುತ್ತದೆ. ಬೇಕಾದ ದಪ್ಪ ಸುಮಾರು 25.5 ಮಿ.ಮೀ.

ಅಂಗಡಿಯಲ್ಲಿ ಸಿಗುವುದು 19, 25, 32 ಮಿ.ಮೀ. ಹೀಗೆ. ಅರ್ಧ ಮಿಲಿಮೀಟರಿಗೇಕೆ ಜಗಳ, 25 ಹಾಕೋಣ ಎನ್ನಿಸುತ್ತದೆ. ಹಾಕಿದರೆ ಹೊರಮೈ ಇಬ್ಬನಿ ಬಿಂದುವಿಗಿಂತ ಒಂದು ಕೂದಲೆಳೆ ಕೆಳಗಿರುತ್ತದೆ. 32 ಹಾಕಿದರೆ 27.8 ಡಿಗ್ರಿಗೆ ಏರುತ್ತದೆ. ಈ 0.6 ಡಿಗ್ರಿಯ ಅಂತರವೇ ಇಲ್ಲಿ ಸಿಗುವ ಭದ್ರತೆ. ಶೀಟನ್ನು ಬಿಗಿಯಾಗಿ ಎಳೆದು ಸುತ್ತಿದಾಗ ಅದು ತೆಳುವಾಗುವುದನ್ನು ನೆನಪಿಟ್ಟರೆ ಈ ಅಂತರವೂ ಹೆಚ್ಚೇನಲ್ಲ. ಅದಕ್ಕೇ ಶೀಟಿನ ಅಗಲವನ್ನು ಟೇಪಿನಿಂದ ಪೈಪಿನ ಸುತ್ತಳತೆ ತೆಗೆದು ಕತ್ತರಿಸಬಾರದು. ಅದೇ ದಪ್ಪದ ಶೀಟಿನ ಒಂದು ಪಟ್ಟಿಯನ್ನು ಎಳೆಯದೆ ಪೈಪಿಗೆ ಸುತ್ತಿ, ಅದರ ಅಳತೆಯಲ್ಲಿ ಕತ್ತರಿಸಬೇಕು.

ಇದೇ ಪೈಪಿಗೆ ಮೇ ಮಧ್ಯಾಹ್ನದ ಬೆಲೆಗಳನ್ನು ಹಾಕಿ ನೋಡಿದರೆ ಬರುವ ಉತ್ತರ ಎರಡು ಮಿಲಿಮೀಟರಿಗೂ ಕಡಿಮೆ. ತಂಪು ನಷ್ಟದ ದೃಷ್ಟಿಯಿಂದ ಅಷ್ಟು ತೆಳು ಹೊದಿಕೆ ಯಾರೂ ಹಾಕುವುದಿಲ್ಲ, ಆ ಮಾತು ಬೇರೆ. ಬೇಸಿಗೆಯಲ್ಲಿ ಚಾಲೂ ಮಾಡಿ, ಒಂದು ಹನಿಯೂ ಬೀಳಲಿಲ್ಲವೆಂದು ಸಹಿ ಹಾಕಿಸಿಕೊಂಡ ಕೆಲಸ ಆಗಸ್ಟ್‌ನಲ್ಲಿ ತೊಟ್ಟಿಕ್ಕುವುದು ಇದರಿಂದಲೇ.

ಆರ್ದ್ರತೆ ಮೇಲೇರಿದಂತೆ ದಪ್ಪ ಏರುವ ರೀತಿ ಸಮನಾಗಿಲ್ಲ. ಅದೇ ಪೈಪು, ಅದೇ 30 ಡಿಗ್ರಿ: ಶೇ 80ರಲ್ಲಿ 19 ಮಿ.ಮೀ. ಸಾಕು, ಶೇ 90ಕ್ಕೆ 38 ಬೇಕು, ಶೇ 95ಕ್ಕೆ 70 ದಾಟುತ್ತದೆ. ಶೇ 90ರ ಆಚೆ ಹೊದಿಕೆ ದಪ್ಪ ಮಾಡುತ್ತಾ ಹೋಗುವುದು ದಂಡದ ಖರ್ಚು. ಅಲ್ಲಿ ಕೋಣೆಯ ಗಾಳಿಯನ್ನು ಸರಿಪಡಿಸಬೇಕು. ಇಲ್ಲೊಂದು ವಿಚಿತ್ರವಿದೆ. ಮಳೆ ರಾತ್ರಿಯಲ್ಲಿ ಹೊರಗೆ 24 ಡಿಗ್ರಿ, ಶೇ 95 ಆರ್ದ್ರತೆ ಎಂದುಕೊಳ್ಳಿ. ಆ ಗಾಳಿ ಹಾಗೆಯೇ ಒಳಗಿದ್ದರೆ ನಮ್ಮ ಪೈಪಿಗೆ 55 ಮಿ.ಮೀ.ಗೂ ಮೀರಿದ ಹೊದಿಕೆ ಬೇಕು. ಅದೇ ಗಾಳಿ ಓಡುವ ಪಂಪು, ಮೋಟಾರುಗಳ ಶಾಖಕ್ಕೆ 30 ಡಿಗ್ರಿಗೆ ಏರಿದರೆ ಆರ್ದ್ರತೆ ಶೇ 67ಕ್ಕೆ ಇಳಿದು, 10 ಮಿ.ಮೀ. ಒಳಗೇ ಕೆಲಸ ಮುಗಿಯುತ್ತದೆ. ಗಾಳಿಯಲ್ಲಿನ ನೀರು ಒಂದು ಗ್ರಾಮೂ ಕಡಿಮೆಯಾಗಿಲ್ಲ, ಇಬ್ಬನಿ ಬಿಂದು ಅದೇ 23. ಹೊದಿಕೆಯ ಮೈ ಮಾತ್ರ ಬೆಚ್ಚಗಾಗಿದೆ. ಆದ್ದರಿಂದ ಪೈಪು ಬೆವರುತ್ತಿದೆಯೆಂದು ಮಳೆಯ ರಾತ್ರಿ ಲೂವರ್, ಬಾಗಿಲು ಎಲ್ಲ ತೆರೆದಿಡುವುದು ಬಹಳ ಸಲ ತಿರುಗುಬಾಣ. ಯಂತ್ರಗಳೆಲ್ಲ ನಿಂತು, ಪೈಪಿನಲ್ಲಿ ತಣ್ಣೀರು ಹಾಗೇ ಉಳಿದ ಹೊತ್ತು ಅಪಾಯ ಹೆಚ್ಚು.

ಹೊರಗೆ ಹೊಳೆಯುವ ಅಲ್ಯೂಮಿನಿಯಂ ತಗಡು ಹೊದಿಸಿದರೆ ಕೆಲಸ ಅಚ್ಚುಕಟ್ಟಾಗಿ ಕಾಣುತ್ತದೆ, ಇಲಿ ಕಡಿಯುವುದಿಲ್ಲ. ಆದರೆ ಕಪ್ಪು ರಬ್ಬರ್ ಕೋಣೆಯ ಗೋಡೆಗಳಿಂದ ಬರುವ ಶಾಖ ವಿಕಿರಣವನ್ನು ಹೀರಿಕೊಂಡು ತುಸು ಬೆಚ್ಚಗಿರುತ್ತದೆ. ತಗಡು ಅದನ್ನು ಹಿಂದಕ್ಕೆ ತಳ್ಳಿ ತಣ್ಣಗಾಗುತ್ತದೆ. h 9ರಿಂದ ಸುಮಾರು 5.5ಕ್ಕೆ ಇಳಿಯುತ್ತದೆ. ಮೇಲಿನ ಉದಾಹರಣೆಯ 25.5 ಮಿ.ಮೀ. ಆಗ 39 ಆಗುತ್ತದೆ. ತಗಡಿಗೆ ಮಂಕು ಬಣ್ಣ ಬಳಿದರೆ ಕಳೆದುಕೊಂಡದ್ದರಲ್ಲಿ ಬಹುಪಾಲು ಮರಳಿ ಸಿಗುತ್ತದೆ. ಎರಡು ಪೈಪುಗಳನ್ನು ಒತ್ತೊತ್ತಾಗಿ ಎಳೆದಾಗಲೂ ಇದೇ ಕಥೆ: ನಡುವೆ ಗಾಳಿ ಆಡುವುದಿಲ್ಲ, ಎದುರಿಗಿರುವುದೂ ತಣ್ಣನೆಯ ಮೈಯೇ. ಮುಗಿಸಿದ ಹೊದಿಕೆಗಳ ನಡುವೆ ಒಂದು ಗೇಣಿನ ಅರ್ಧದಷ್ಟಾದರೂ ಸಂದು ಬಿಡಬೇಕು.

ದಪ್ಪ ಸರಿಯಿದ್ದೂ ಕೆಡುವ ಜಾಗಗಳಿವೆ. ಹ್ಯಾಂಗರ್‌ನ ಕ್ಲ್ಯಾಂಪು 32 ಮಿ.ಮೀ. ರಬ್ಬರನ್ನು ಹಿಂಡಿ ಹತ್ತಕ್ಕೆ ಇಳಿಸಿದರೆ ಅಲ್ಲಿರುವುದು 10 ಮಿ.ಮೀ. ಹೊದಿಕೆಯೇ. ಅಲ್ಲಿ ಅಷ್ಟೇ ದಪ್ಪದ ಮರದ ಅಥವಾ ಗಟ್ಟಿ ಪಿಯುಎಫ್ ಬ್ಲಾಕ್ ಇಟ್ಟು, ರಬ್ಬರನ್ನು ಅದರ ಅಂಚಿಗೆ ಅಂಟಿಸಬೇಕು. ವಾಲ್ವ್, ಸ್ಟ್ರೈನರ್, ಫ್ಲ್ಯಾಂಜ್‌ಗಳನ್ನು ಆಮೇಲೆ ನೋಡೋಣವೆಂದು ಬರಿದೇ ಬಿಡುವುದು ಇನ್ನೊಂದು ಚಾಳಿ. ಚಪ್ಪಟೆ ಮೈಗೆ ದುಂಡು ಪೈಪಿಗಿಂತ ಹೆಚ್ಚು ದಪ್ಪ ಬೇಕೆಂಬುದೂ ಮರೆತುಹೋಗುತ್ತದೆ: ನಮ್ಮ ಲೆಕ್ಕದ ಸ್ಥಿತಿಯಲ್ಲೇ ಟ್ಯಾಂಕಿನ ಮೈಗೆ 30.5 ಮಿ.ಮೀ. ಬೇಕು, ಒಂದಿಂಚಿನ ಪೈಪಿಗೆ 21 ಸಾಕು.

ಎಲ್ಲಕ್ಕಿಂತ ಕೆಟ್ಟದ್ದು ಅಂಟಿಲ್ಲದ ಸೇರುವೆ. ಗಾಳಿಯಲ್ಲಿನ ಆವಿ ಆ ಸೀಳಿನಿಂದ ಒಳನುಗ್ಗಿ, ತಣ್ಣನೆಯ ಪೈಪನ್ನು ಮುಟ್ಟಿ ನೀರಾಗುತ್ತದೆ. ಗಾಜಿನ ಉಣ್ಣೆಯಾದರೆ ಅದನ್ನು ಹೀರಿಕೊಂಡು ನೆನೆಯುತ್ತದೆ. ನೀರಿನ ಶಾಖವಾಹಕತೆ 0.6, ಒಣ ಹೊದಿಕೆಯದಕ್ಕಿಂತ ಹದಿನೈದು ಪಟ್ಟು ಹೆಚ್ಚು. ನೆನೆದಷ್ಟೂ ಹೊರಮೈ ತಣ್ಣಗಾಗಿ ಇನ್ನಷ್ಟು ಬೆವರುತ್ತದೆ. ಮುಚ್ಚಿದ ಕೋಶಗಳ ನೈಟ್ರೈಲ್ ರಬ್ಬರ್ ಈ ಸೀಮೆಗೆ ಸರಿಹೊಂದುವುದು ಅದು ಶಾಖವನ್ನು ಹೆಚ್ಚು ತಡೆಯುತ್ತದೆಂದಲ್ಲ, ಆವಿಯನ್ನು ತಡೆಯುತ್ತದೆಂದು.

ಎಲ್ಲಿ ಹನಿಯುತ್ತಿದೆ ಎಂಬುದನ್ನು ನೋಡಿದರೆ ಕಾರಣ ಬಹುಮಟ್ಟಿಗೆ ಗೊತ್ತಾಗುತ್ತದೆ. ಪೈಪಿನುದ್ದಕ್ಕೂ ಸಣ್ಣ ಹನಿಗಳು ಮೂಡಿ, ಬಿಸಿಲೇರಿದಾಗ ಮಾಯವಾದರೆ ದಪ್ಪ ಸಾಲದು ಅಥವಾ ಕೋಣೆ ತೀರಾ ತೇವ. ಹ್ಯಾಂಗರ್ ಕೆಳಗೆ ಮಾತ್ರ ತೊಟ್ಟಿಕ್ಕಿದರೆ ಹಿಂಡಿದ ಹೊದಿಕೆ. ಒಂದೇ ಜಾಗದಿಂದ ಹಗಲೂ ರಾತ್ರಿಯೂ, ಒಣ ದಿನಗಳಲ್ಲೂ ಸೋರುತ್ತಿದ್ದರೆ ಒಳಗೆ ನೀರು ಸೇರಿದೆ. ಸೀಳು ಅಲ್ಲೇ ಇರಬೇಕೆಂದಿಲ್ಲ, ಮೇಲಿನ ತುದಿಯಲ್ಲೆಲ್ಲೋ ಇರಬಹುದು. ಮೈಯ ಉಷ್ಣತೆ ಅಳೆಯಲು ಮುಟ್ಟಿಸಿ ನೋಡುವ ಥರ್ಮೋಕಪಲ್ ಬಳಸಬೇಕು. ಇನ್‌ಫ್ರಾರೆಡ್ ಗನ್ ಹೊಳೆಯುವ ತಗಡಿನ ಮೇಲೆ ತೋರಿಸುವುದು ಹೆಚ್ಚಾಗಿ ಎದುರಿನ ಗೋಡೆಯ ಉಷ್ಣತೆಯನ್ನು. ಗಾಳಿಯ ಅಳತೆಯನ್ನು ಬಾಗಿಲ ಬಳಿಯಲ್ಲ, ಪೈಪಿನ ಮಗ್ಗುಲಲ್ಲೇ, ಬೆಳಗಿನ ಜಾವ ತೆಗೆಯಬೇಕು.

ಒದ್ದೆ ಹೊದಿಕೆಯ ಮೇಲೆ ಇನ್ನೊಂದು ಪದರ ಸುತ್ತಿದರೆ ಒಳಗಿನ ನೀರು ಅಲ್ಲೇ ಉಳಿದು ಕಬ್ಬಿಣದ ಪೈಪನ್ನು ತುಕ್ಕು ತಿನ್ನುತ್ತದೆ. ಒದ್ದೆಯಾದಷ್ಟನ್ನು ಕತ್ತರಿಸಿ ತೆಗೆದು, ಚಿಲ್ಲರ್ ನಿಲ್ಲಿಸಿ, ಪೈಪು ಕೋಣೆಯ ಉಷ್ಣತೆಗೆ ಬಂದು ಪೂರ್ತಿ ಒಣಗಿದ ಮೇಲೆ ತುಕ್ಕು ಕೆರೆದು ಪ್ರೈಮರ್ ಹಚ್ಚಿ ಹೊಸ ತುಂಡು ಅಂಟಿಸಬೇಕು. ಬೆವರುವ ಪೈಪಿನ ಮೇಲೆ ಅಂಟು ಹಿಡಿಯುವುದಿಲ್ಲ. ಅಂಟಿಸಿದ ಮೇಲೂ ಅದು ಗಟ್ಟಿಯಾಗಲು ಒಂದು ದಿನವಾದರೂ ಬಿಟ್ಟು ಆಮೇಲೆ ತಣ್ಣೀರು ಬಿಡಬೇಕು. ಆಸ್ಪತ್ರೆಯಲ್ಲಿ ಮಳೆಗಾಲದ ನಡುವೆ ಇಷ್ಟು ಹೊತ್ತು ಚಿಲ್ಲರ್ ನಿಲ್ಲಿಸಲು ಯಾರೂ ಒಪ್ಪುವುದಿಲ್ಲ; ಹಾಗಾಗಿ ಆಗಸ್ಟ್‌ನಲ್ಲಿ ಸೋರಿದ ಜಾಗಗಳಿಗೆ ಬಣ್ಣದ ಗುರುತು ಹಾಕಿಟ್ಟು, ಡಿಸೆಂಬರ್–ಜನವರಿಯ ಒಣ ಚಳಿಯಲ್ಲಿ ಈ ಕೆಲಸ ಮುಗಿಸಿಕೊಳ್ಳುವುದು ರೂಢಿಗೆ ತರಬೇಕಾದ ಕ್ರಮ.